ಬೆಲೆ ಎಲ್ಲಿ ತಂಗಿತ್ತು, ಎಲ್ಲಿ ಓಡಿತ್ತು?

2025ರ ಏಪ್ರಿಲ್ 7ರಂದು ಬಿಟ್‌ಕಾಯಿನ್ ಬೆಲೆ 75 ಸಾವಿರ ಡಾಲರ್‌ಗಿಂತ ಕೆಳಗೆ ಜಾರಿತು. ಅಮೆರಿಕದ ಸುಂಕದ ಘೋಷಣೆಯಿಂದ ಜಗತ್ತಿನ ಷೇರುಪೇಟೆಗಳೆಲ್ಲ ತತ್ತರಿಸುತ್ತಿದ್ದ ದಿನವದು. ಕುಸಿತ ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಆತಂಕ ಎಲ್ಲೆಡೆ ಇತ್ತು. ಆದರೂ ಕೆಲವು ಟ್ರೇಡರ್‌ಗಳ ಚಾರ್ಟಿನಲ್ಲಿ 74 ಸಾವಿರದ ಆಸುಪಾಸಿಗೆ ಮೊದಲೇ ಒಂದು ಗೆರೆ ಬಿದ್ದಿತ್ತು. ವಾಲ್ಯೂಮ್ ಪ್ರೊಫೈಲ್ ನೋಡಿ ಎಳೆದ ಗೆರೆ ಅದು.

ಸಾಮಾನ್ಯ ಚಾರ್ಟಿನ ತಳದಲ್ಲಿ ಸಾಲಾಗಿ ನಿಲ್ಲುವ ಕಂಬಗಳು ಯಾವ ದಿನ ಎಷ್ಟು ವಹಿವಾಟು ನಡೆಯಿತು ಎಂಬುದನ್ನು ಹೇಳುತ್ತವೆ. ವಾಲ್ಯೂಮ್ ಪ್ರೊಫೈಲ್ ಅದೇ ವಹಿವಾಟನ್ನು ದಿನದ ಬದಲು ಬೆಲೆಯ ಪ್ರಕಾರ ವಿಂಗಡಿಸುತ್ತದೆ. ಹೀಗಾಗಿ ಅದರ ಪಟ್ಟಿಗಳು ಅಡ್ಡಡ್ಡವಾಗಿ, ಬೆಲೆಯ ಅಂಕಣಕ್ಕೆ ಅಂಟಿಕೊಂಡು ಮಲಗಿರುತ್ತವೆ. ಉದ್ದನೆಯ ಪಟ್ಟಿ ಇದ್ದಲ್ಲಿ ಹೆಚ್ಚು ಕೈಬದಲಾಗಿದೆ, ಗಿಡ್ಡ ಪಟ್ಟಿ ಇದ್ದಲ್ಲಿ ಬೆಲೆ ನಿಲ್ಲದೆ ಓಡಿದೆ. ಇದರ ಮೂಲ ಪೀಟರ್ ಸ್ಟೀಡಲ್‌ಮೇಯರ್ 1980ರ ದಶಕದಲ್ಲಿ ಷಿಕಾಗೋ ಬೋರ್ಡ್ ಆಫ್ ಟ್ರೇಡ್‌ನಲ್ಲಿ ರೂಪಿಸಿದ ‘ಮಾರ್ಕೆಟ್ ಪ್ರೊಫೈಲ್’. ಯಾವ ಬೆಲೆಯಲ್ಲಿ ಮಾರುಕಟ್ಟೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಅದು ಲೆಕ್ಕ ಹಾಕುತ್ತಿತ್ತು.

ಒಂದು ಕಾಲ್ಪನಿಕ ಕಾಯಿನ್ ತೆಗೆದುಕೊಳ್ಳೋಣ. ಒಂದು ತಿಂಗಳಲ್ಲಿ ಅದರ ನೂರು ಲಕ್ಷ ಯೂನಿಟ್ ಮಾರಾಟವಾಗಿವೆ. 100 ರೂಪಾಯಿಗೆ 26 ಲಕ್ಷ, 99ಕ್ಕೆ 22, 98ಕ್ಕೆ 14, 101ಕ್ಕೆ 12 ಲಕ್ಷ. ಉಳಿದ 26 ಲಕ್ಷ ಇವುಗಳ ಮೇಲೆ ಕೆಳಗೆ ತೆಳ್ಳಗೆ ಚದುರಿದೆ. ಎಲ್ಲಕ್ಕಿಂತ ಉದ್ದದ ಪಟ್ಟಿ ಇರುವ 100 ರೂಪಾಯಿಗೆ ಪಾಯಿಂಟ್ ಆಫ್ ಕಂಟ್ರೋಲ್ ಎನ್ನುತ್ತಾರೆ. ಅಲ್ಲಿಂದ ಹೊರಟು ಅಕ್ಕಪಕ್ಕದ ದೊಡ್ಡ ಪಟ್ಟಿಯನ್ನು ಒಂದೊಂದಾಗಿ ಕೂಡಿಸುತ್ತ ಹೋದರೆ 48, 62, 74 ಎಂದು ಮೊತ್ತ ಬೆಳೆಯುತ್ತದೆ. ಒಟ್ಟು ವಹಿವಾಟಿನ ಶೇ 70 ದಾಟಿದ ಕೂಡಲೇ ನಿಲ್ಲಿಸಬೇಕು. ಹೀಗೆ ಸಿಕ್ಕ 98ರಿಂದ 101 ರೂಪಾಯಿಯ ಹರವೇ ವ್ಯಾಲ್ಯೂ ಏರಿಯಾ.

ಖರೀದಿಗೆ ಹೊಂಚುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಪಟ್ಟಿ ಅತಿ ಉದ್ದವಿರುವಲ್ಲೇ ಕೊಳ್ಳಬೇಕು ಎಂದುಕೊಳ್ಳುತ್ತಾರೆ. ಆದರೆ ಆ ಬೆಲೆಯಲ್ಲಿ ಕೊಳ್ಳುವವರೂ ಮಾರುವವರೂ ಧಾರಾಳವಾಗಿದ್ದರು ಎಂಬುದಷ್ಟೇ ಅದರ ಅರ್ಥ. ಬೆಲೆ ಅಲ್ಲಿಗೆ ಮರಳಿದರೆ ಮತ್ತೆ ಅತ್ತಿತ್ತ ಹೊಯ್ದಾಡುತ್ತ ಕೂರುವ ಸಾಧ್ಯತೆಯೇ ಹೆಚ್ಚು. ಯೋಜನೆಗೆ ಒದಗುವ ಜಾಗ ದಪ್ಪ ಪಟ್ಟಿಗಳು ಮುಗಿದು ತೆಳು ಪಟ್ಟಿಗಳು ಶುರುವಾಗುವ ಅಂಚು. ಎಣಿಕೆ ಸರಿಯಾದರೆ ತೆಳು ಭಾಗದಲ್ಲಿ ಬೆಲೆ ಬೇಗ ಸಾಗುತ್ತದೆ. ತಪ್ಪಾದರೆ ಬೆಲೆ ದಪ್ಪ ಭಾಗದೊಳಕ್ಕೆ ನುಗ್ಗುತ್ತದೆ, ಅದು ಹೆಚ್ಚು ನಷ್ಟವಾಗುವ ಮೊದಲೇ ತಿಳಿದುಹೋಗುತ್ತದೆ.

ಬಿಟ್‌ಕಾಯಿನ್‌ನಲ್ಲಿ ಆದದ್ದನ್ನೇ ನೋಡಿ. 2024ರ ಮಾರ್ಚ್‌ನಲ್ಲಿ ಅದು 73,700 ಡಾಲರ್ ಮುಟ್ಟಿ, ಅಲ್ಲಿಂದ ಮುಂದಿನ ಏಳೆಂಟು ತಿಂಗಳು ಬಹುಪಾಲು ಅದರ ಕೆಳಗೇ ಸುತ್ತುತ್ತಿತ್ತು. ಹಾಗಾಗಿ ಅಲ್ಲಿ ದಪ್ಪ ಪಟ್ಟಿಗಳು ಬೆಳೆದವು. ನವೆಂಬರ್ 5ರಂದು ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯಿತು. ಮರುದಿನವೇ ಬೆಲೆ 75 ಸಾವಿರ ದಾಟಿ, 13ರ ಹೊತ್ತಿಗೆ 90 ಸಾವಿರವನ್ನೂ ದಾಟಿತು. ವಾರದೊಳಗೆ ಓಡಿದ ಆ 15 ಸಾವಿರ ಡಾಲರ್‌ಗಳ ದಾರಿಯಲ್ಲಿ ಪಟ್ಟಿಗಳು ತೆಳುವಾಗೇ ಉಳಿದವು. ನಂತರ ಫೆಬ್ರುವರಿವರೆಗೆ ಬೆಲೆ ಹೆಚ್ಚಾಗಿ 91 ಸಾವಿರದಿಂದ 1.08 ಲಕ್ಷ ಡಾಲರ್ ನಡುವೆ ನಿಂತು ಇನ್ನೊಂದು ದಪ್ಪ ಭಾಗ ಬೆಳೆಯಿತು.

ಪ್ರೊಫೈಲ್ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಇದೇ ಚಾರ್ಟ್ ತೋರಿಸುತ್ತದೆ. ಮೇಲಿನ ದಪ್ಪ ಭಾಗದ ಕೆಳ ಅಂಚಾದ 91 ಸಾವಿರ ಹಲವು ಸಲ ಬೆಲೆಯನ್ನು ತಡೆದಿತ್ತು. ಫೆಬ್ರುವರಿ ಕೊನೆಯಲ್ಲೂ ಅದನ್ನೇ ನಂಬಿ ಕೊಂಡವರ ಕೈ ಸುಟ್ಟಿತು. 25ರಂದು ಬೆಲೆ 90 ಸಾವಿರಕ್ಕಿಂತ ಕೆಳಗಿಳಿದು, 28ಕ್ಕೆ 80 ಸಾವಿರದ ಕೆಳಗೂ ಹೋಯಿತು. ನವೆಂಬರ್‌ನಲ್ಲಿ ತೆಳುವಾಗಿ ಉಳಿದಿದ್ದ ದಾರಿಯಲ್ಲಿ ಅದನ್ನು ತಡೆಯುವವರು ಕಡಿಮೆಯಿದ್ದರು. ಅಂಚು ಮುರಿದದ್ದಕ್ಕೆ ಗುರುತು ಸ್ಪಷ್ಟ: ದಿನದ ಕ್ಯಾಂಡಲ್ ತೆಳು ಭಾಗದಲ್ಲಿ ಮುಗಿದು, ಮರುದಿನವೂ ಬೆಲೆ ದಪ್ಪ ಭಾಗದೊಳಕ್ಕೆ ಮರಳದಿರುವುದು.

ಏಪ್ರಿಲ್‌ನಲ್ಲಿ ಬೆಲೆ ಬಂದು ನಿಂತದ್ದು ಹಳೆಯ ದಪ್ಪ ಭಾಗದ ಮೇಲಂಚಿನ ಮೇಲೆ, ಸುಮಾರು 74,500 ಡಾಲರ್‌ಗೆ. 9ರಂದು ಅಮೆರಿಕ ಹೆಚ್ಚಿನ ಸುಂಕಗಳನ್ನು 90 ದಿನ ತಡೆಹಿಡಿದ ಮೇಲೆ ದಿಕ್ಕು ಬದಲಾಯಿತು, 22ಕ್ಕೆ 90 ಸಾವಿರ ದಾಟಿತು. ಬೆಲೆಯನ್ನು ಮೇಲೆತ್ತಿದ್ದು ಸುದ್ದಿ. ಎಲ್ಲಿ ಕಾಯಬೇಕು, ಎಲ್ಲಿ ಕೈಬಿಡಬೇಕು ಎಂಬುದನ್ನು ಮಾತ್ರ ಪ್ರೊಫೈಲ್ ಹೇಳಿತ್ತು.

ಪಟ್ಟಿಗಳನ್ನು ನಂಬುವ ಮೊದಲು ಅವು ಯಾವ ಎಕ್ಸ್‌ಚೇಂಜಿನ ವಹಿವಾಟಿನಿಂದ ಬಂದವು ಎಂದು ವಿಚಾರಿಸಬೇಕು. ಬಿಟ್‌ಕಾಯಿನ್ ಒಂದೇ ಕಡೆ ಮಾರಾಟವಾಗುವ ಸರಕಲ್ಲ, ಚಾರ್ಟಿನ ಪ್ರೊಫೈಲ್ ಸಾಮಾನ್ಯವಾಗಿ ಒಂದೇ ಎಕ್ಸ್‌ಚೇಂಜಿನದು. ಬೈನಾನ್ಸ್ 2022ರ ಜುಲೈನಿಂದ 2023ರ ಮಾರ್ಚ್‌ವರೆಗೆ ಬಿಟ್‌ಕಾಯಿನ್‌ನ ಸ್ಪಾಟ್ ವಹಿವಾಟಿಗೆ ಶುಲ್ಕವನ್ನೇ ತೆಗೆದುಹಾಕಿತ್ತು. ಖರ್ಚಿಲ್ಲದ ಕಾರಣ ವಹಿವಾಟು ಉಬ್ಬಿತು. ಅಲ್ಲಿನ BTC/USDT ಪ್ರೊಫೈಲ್‌ನಲ್ಲಿ 16ರಿಂದ 24 ಸಾವಿರ ಡಾಲರ್ ನಡುವಿನ ಪಟ್ಟಿಗಳು ಇಂದಿಗೂ ಉಳಿದೆಲ್ಲವನ್ನೂ ಕುಬ್ಜವಾಗಿಸುತ್ತವೆ. ಕಾಯಿನ್ ಚಿಕ್ಕದಾದಷ್ಟೂ ತಮ್ಮಿಂದ ತಾವೇ ಕೊಂಡು ವಹಿವಾಟು ಹಿಗ್ಗಿಸುವವರ ಕಾಟ ಹೆಚ್ಚು. ಎರಡು ಮೂರು ಎಕ್ಸ್‌ಚೇಂಜ್‌ಗಳ ಪ್ರೊಫೈಲ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಒಂದರಲ್ಲಿ ಮಾತ್ರ ಎದ್ದು ಕಾಣುವ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಇನ್ನು ಖರೀದಿಯ ಲೆಕ್ಕ. ಒಂದು ಲಕ್ಷ ರೂಪಾಯಿ ಬಂಡವಾಳದವರು ಒಂದು ವ್ಯವಹಾರದಲ್ಲಿ ಸಾವಿರ ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದೆಂದು ನಿರ್ಧರಿಸಿದ್ದಾರೆ ಎನ್ನೋಣ. ಏಪ್ರಿಲ್‌ನ ಆ ಅಂಚಿನಲ್ಲಿ 75,500 ಡಾಲರ್‌ಗೆ ಲಿಮಿಟ್ ಆರ್ಡರ್, ಹಳೆಯ ದಪ್ಪ ಭಾಗದೊಳಗೆ 71,500ಕ್ಕೆ ಸ್ಟಾಪ್ ಲಾಸ್. ನಡುವಿನ ಅಂತರ ಶೇ 5.3. ಅಂದರೆ ಹೂಡಬಹುದಾದದ್ದು ಸುಮಾರು 18,900 ರೂಪಾಯಿ ಮಾತ್ರ. ಮೇಲಿನ ದಪ್ಪ ಭಾಗ ಶುರುವಾಗುವ 90 ಸಾವಿರಕ್ಕೆ ಮಾರಿದರೆ ಶೇ 19ರಷ್ಟು, ಅಂದರೆ 3,600 ರೂಪಾಯಿ ಚಿಲ್ಲರೆ ಲಾಭ.

ಭಾರತದಲ್ಲಿ ಅದು ಪೂರ್ತಿ ಕೈಗೆ ಬರುವುದಿಲ್ಲ. ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಎಕ್ಸ್‌ಚೇಂಜಿನ ಶುಲ್ಕ ಬಿಟ್ಟರೂ ಉಳಿಯುವುದು ಎರಡೂವರೆ ಸಾವಿರದಷ್ಟು. ಸೋತರೆ ಹೋಗುವ ಸಾವಿರವನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಚಾರ್ಟಿನ ಮೇಲೆ ಒಂದಕ್ಕೆ ಮೂರೂವರೆ ಎಂದು ಕಾಣುವ ಪ್ರತಿಫಲ ಹೀಗೆ ಎರಡೂವರೆಗೆ ಇಳಿಯುತ್ತದೆ. ಹಾಗಾಗಿ ಒಂದಕ್ಕೆ ಒಂದೂವರೆ ಮಾತ್ರ ಕೊಡುವ ಅಂಚುಗಳನ್ನು, ಪಟ್ಟಿ ಎಷ್ಟೇ ದಪ್ಪವಿದ್ದರೂ, ಇಲ್ಲಿನ ಟ್ರೇಡರ್ ಕೈಬಿಡುವುದೇ ಲೇಸು: ತೆರಿಗೆ ಕಳೆದ ಮೇಲೆ ಅಲ್ಲಿ ಗೆದ್ದರೂ ಸೋತರೂ ಮೊತ್ತ ಹೆಚ್ಚುಕಡಿಮೆ ಒಂದೇ.