‘ಅಹಂಕಾರಿ’ ಎಂಬ ಪದ ಕಡತದಿಂದ ಹೊರಬಿದ್ದದ್ದು ಹೇಗೆ

ಸಭೆಯಲ್ಲಿ ಒಬ್ಬರು ಸಹೋದ್ಯೋಗಿಯ ಮಾತನ್ನು ಅರ್ಧಕ್ಕೇ ಕಡಿದು ಹೀಯಾಳಿಸಿದರು ಅನ್ನಿ. ಇಂದಿನ ಅನೇಕ ಕಂಪನಿಗಳಲ್ಲಿ ಅವರ ಮ್ಯಾನೇಜರ್ ಅಂದೇ ಸಂಜೆ ಅರ್ಧ ಪುಟ ಬರೆಯುತ್ತಾರೆ. ಅದು ಮೆಮೊ ಅಲ್ಲ, ಕಾರಣ ಕೇಳಿ ನೋಟಿಸೂ ಅಲ್ಲ. ಎಚ್‌ಆರ್ ಮಂದಿ ಅದನ್ನು ‘ಕೋಚಿಂಗ್ ನೋಟ್’ ಅನ್ನುತ್ತಾರೆ. ಆ ಅರ್ಧ ಪುಟದಲ್ಲಿ ಒಂದೇ ಘಟನೆ ಇರುತ್ತದೆ: ಎಂದು, ಎಲ್ಲಿ, ಏನು ಮಾಡಿದರು, ಏನು ಅಂದರು, ಅದರಿಂದ ಸಭೆಗೆ ಏನಾಯಿತು, ಮುಂದೆ ಏನು ಆಗಬೇಕು. ಆ ವ್ಯಕ್ತಿ ಎಂಥವರು ಎಂಬ ಬಗ್ಗೆ ಒಂದು ಪದವೂ ಇರುವುದಿಲ್ಲ, ಅಥವಾ ಇರಬಾರದು. ಕಚೇರಿಯ ಕಾಗದಗಳು ಹುಟ್ಟಿನಿಂದ ಹೀಗಿರಲಿಲ್ಲ. ‘ಒರಟ’, ‘ಹೊಂದಿಕೊಳ್ಳುವವನಲ್ಲ’, ‘ಮನೋಭಾವ ಸರಿಯಿಲ್ಲ’ ಎಂಬ ಪದಗಳೇ ಅವುಗಳ ಬಂಡವಾಳವಾಗಿದ್ದವು. ಆ ಬಂಡವಾಳ ಕರಗಲು ಕಾರಣವಾದವರಲ್ಲಿ ಯುದ್ಧವಿಮಾನ ಹಾರಿಸಲು ಕಲಿಯಲಾಗದೆ ತರಬೇತಿಯಿಂದ ಹೊರಬಿದ್ದ ಹುಡುಗರೂ ಇದ್ದಾರೆ.

1941ರಲ್ಲಿ ಅಮೆರಿಕದ ಸೇನಾ ವಾಯುಪಡೆ ಪೈಲಟ್‌ಗಳನ್ನು ಆರಿಸಲು ಮನೋವಿಜ್ಞಾನಿಗಳ ಒಂದು ತಂಡ ಕಟ್ಟಿತು. ಅದರ ಹೊಣೆ ಹೊತ್ತವರು ಜಾನ್ ಫ್ಲಾನಗನ್. ತರಬೇತಿಯಿಂದ ಹೊರಹಾಕಿದ ಒಂದು ಸಾವಿರ ಅಭ್ಯರ್ಥಿಗಳ ಕಾಗದಗಳನ್ನು ತಂಡ ಓದಿತು. ಯಾವ ತಪ್ಪಿಗೆ ಹುಡುಗರು ಸೋಲುತ್ತಾರೆಂದು ತಿಳಿದರೆ ಮುಂದಿನವರನ್ನು ಆರಿಸುವುದು ಸುಲಭ ಎಂಬುದು ಲೆಕ್ಕಾಚಾರ. ಆದರೆ ತರಬೇತುದಾರರು ಬರೆದದ್ದು ಬಹುಪಾಲು ಸವೆದ ಮಾತುಗಳನ್ನೇ: ಹುಟ್ಟಿನಿಂದ ಬರಬೇಕಾದ ಹಾರಾಟದ ಶಕ್ತಿ ಇಲ್ಲ, ಸ್ವಭಾವ ತಕ್ಕುದಲ್ಲ, ವಿವೇಚನೆ ಸಾಲದು. ಇಳಿಯುವಾಗ ವಿಮಾನವನ್ನು ತೀರಾ ಎತ್ತರದಲ್ಲಿ ಸಮ ಮಾಡಿದನೇ? ತಿರುವಿನಲ್ಲಿ ವೇಗ ಕಳೆದುಕೊಂಡನೇ? ಇಂಥ ಪ್ರಶ್ನೆಗಳಿಗೆ ಆ ಕಾಗದಗಳಲ್ಲಿ ಉತ್ತರ ಸಿಗುವುದು ಅಪರೂಪವಾಗಿತ್ತು. ‘ಸ್ವಭಾವ ತಕ್ಕುದಲ್ಲ’ ಎಂದು ಬರೆಸಿಕೊಂಡ ಹುಡುಗ ಅದನ್ನು ಓದಿ ತಿದ್ದಿಕೊಳ್ಳುವುದಾದರೂ ಏನನ್ನು?

ಫ್ಲಾನಗನ್ ಆಗ ಪ್ರಶ್ನೆಯನ್ನೇ ಬದಲಿಸಿದರು. ಅಭಿಪ್ರಾಯ ಕೇಳುವುದು ಬಿಟ್ಟು, ಕಣ್ಣಾರೆ ಕಂಡ ಒಂದು ಸಂದರ್ಭವನ್ನು ಹೇಳಿ ಎಂದರು: ಆ ಮನುಷ್ಯ ಆಗ ನಿಜವಾಗಿ ಏನು ಮಾಡಿದ? ಯುದ್ಧ ಮುಗಿದ ಮೇಲೆ ಈ ಕ್ರಮವನ್ನು ಬೆಳೆಸಿ 1954ರಲ್ಲಿ ‘ಕ್ರಿಟಿಕಲ್ ಇನ್ಸಿಡೆಂಟ್ ಟೆಕ್ನಿಕ್’ ಎಂಬ ಹೆಸರಿನ ಲೇಖನವಾಗಿ ಪ್ರಕಟಿಸಿದರು. ಅಷ್ಟರಲ್ಲಾಗಲೇ ಜನರಲ್ ಮೋಟರ್ಸ್‌ನ ಡೆಲ್ಕೋ-ರೆಮಿ ಕಾರ್ಖಾನೆಯ ಮೇಸ್ತ್ರಿಗಳು ತಮ್ಮ ಕೆಲಸಗಾರರ ಬಗ್ಗೆ ಇದೇ ರೀತಿಯಲ್ಲಿ ಘಟನೆಗಳನ್ನು ಬರೆದಿಡತೊಡಗಿದ್ದರು. ಅಲ್ಲಿ ಹೊರಬಿದ್ದ ಒಂದು ಸಂಗತಿ ಇಂದಿಗೂ ಈ ನೋಟಿನ ಮೊದಲ ನಿಯಮವಾಗಿ ಉಳಿದಿದೆ. ದಿನವೂ ಬರೆದ ಮೇಸ್ತ್ರಿಗಳ ಗುಂಪು ದಾಖಲಿಸಿದ ಘಟನೆಗಳು ವಾರಕ್ಕೊಮ್ಮೆ ಬರೆದವರಿಗಿಂತ ಸುಮಾರು ಎರಡು ಪಟ್ಟು. ಹದಿನೈದು ದಿನಕ್ಕೊಮ್ಮೆ ಬರೆದವರು ದಾಖಲಿಸಿದ್ದು ದಿನವೂ ಬರೆದವರ ಐದನೇ ಒಂದು ಭಾಗದಷ್ಟು ಮಾತ್ರ. ಘಟನೆ ಮರೆತ ಮೇಲೆ ಮನಸ್ಸಿನಲ್ಲಿ ಉಳಿಯುವುದು ವ್ಯಕ್ತಿಯ ಬಗೆಗಿನ ಮುನಿಸು. ಹೀಗಾಗಿ ಬಾಕಿ ಉಳಿಸಿಕೊಂಡು ಬರೆದ ನೋಟುಗಳಲ್ಲಿ ‘ಯಾವಾಗಲೂ’, ‘ಪ್ರತಿ ಸಲವೂ’ ಎಂಬ ಪದಗಳು ತಾವಾಗಿಯೇ ನುಸುಳಿಕೊಳ್ಳುತ್ತವೆ.

ಕಾರ್ಖಾನೆಯಲ್ಲಿ ಇದು ಅನುಕೂಲದ ಮಾತಾಗಿತ್ತು. ಕಾನೂನಿನ ಬಿಸಿ ತಟ್ಟಿದ್ದು 1980ರ ದಶಕದಲ್ಲಿ. 1982ರಲ್ಲಿ ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಪಾಲುದಾರಿಕೆಗೆ ಹೆಸರು ಸೂಚಿಸಲಾದ 88 ಮಂದಿಯಲ್ಲಿ ಆನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಅಮೆರಿಕದ ವಿದೇಶಾಂಗ ಇಲಾಖೆಯಿಂದ ಕೋಟ್ಯಂತರ ಡಾಲರಿನ ಗುತ್ತಿಗೆ ತಂದುಕೊಟ್ಟವರು. ಆದರೂ ಸಂಸ್ಥೆ ನಿರ್ಧಾರವನ್ನು ಮುಂದೂಡಿತು. ಪಾಲುದಾರರು ಬರೆದುಕೊಟ್ಟ ಟಿಪ್ಪಣಿಗಳು ನ್ಯಾಯಾಲಯಕ್ಕೆ ಬಂದಾಗ ಅವುಗಳಲ್ಲಿ ಏನಿತ್ತು ನೋಡಿ: ಒಬ್ಬರು ಆಕೆಯನ್ನು ಗಂಡುಬೀರಿ ಎಂಬರ್ಥದಲ್ಲಿ ಬಣ್ಣಿಸಿದ್ದರು, ಇನ್ನೊಬ್ಬರು ನಯನಾಜೂಕು ಕಲಿಸುವ ಶಾಲೆಗೆ ಹೋಗಲಿ ಎಂದಿದ್ದರು. ಮೇಕಪ್ ಮಾಡಿಕೊ, ಆಭರಣ ತೊಡು, ಇನ್ನಷ್ಟು ಹೆಣ್ಣಾಗಿ ನಡೆ ಎಂಬ ಬಾಯಿಮಾತಿನ ಸಲಹೆಯೂ ಸಿಕ್ಕಿತ್ತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೆಣ್ಣು ಹೀಗಿರಬೇಕು ಎಂಬ ಪೂರ್ವಕಲ್ಪನೆಯ ಮೇಲೆ ತೂಗಿದ್ದು ಲಿಂಗ ತಾರತಮ್ಯಕ್ಕೆ ಸಾಕ್ಷಿಯಾಗಬಲ್ಲದು ಎಂದಿತು. ಮರುವರ್ಷ ಕೆಳ ನ್ಯಾಯಾಲಯ ಆಕೆಗೆ ಪಾಲುದಾರಿಕೆ ಕೊಡುವಂತೆ ಆದೇಶಿಸಿತು.

ಈ ಮೊಕದ್ದಮೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇನ್ನೊಂದು ತುದಿಯೂ ಮುಖ್ಯ. ಕೈಕೆಳಗಿನ ಸಿಬ್ಬಂದಿಯೊಂದಿಗೆ ಹಾಪ್ಕಿನ್ಸ್ ಕಠಿಣವಾಗಿ, ತಾಳ್ಮೆಗೆಟ್ಟು ವರ್ತಿಸುತ್ತಿದ್ದರೆಂದು ವಿರೋಧಿಗಳು ಮಾತ್ರವಲ್ಲ, ಬೆಂಬಲಿಗರೂ ಬರೆದಿದ್ದರು. ಅದು ಪರಿಶೀಲಿಸಬೇಕಾದ ದೂರೇ. ಆದರೆ ಆಕೆಯ ನಡಿಗೆ, ಉಡುಗೆ, ಸ್ವಭಾವದ ಮಾತುಗಳು ಅದರೊಂದಿಗೆ ಎಷ್ಟು ಬೆರೆತುಹೋಗಿದ್ದವೆಂದರೆ, ತನ್ನ ತೀರ್ಮಾನ ಯಾವುದರ ಮೇಲೆ ನಿಂತಿದೆಯೆಂದು ಬೇರ್ಪಡಿಸಿ ತೋರಿಸಲು ಸಂಸ್ಥೆಗೇ ಆಗಲಿಲ್ಲ. ಸ್ವಭಾವದ ಬಗ್ಗೆ ಬರೆದದ್ದು ಆಕೆಗೆ ಅನ್ಯಾಯ ಮಾಡಿತು, ಸಿಬ್ಬಂದಿಯ ನಿಜವಾದ ಅಹವಾಲನ್ನೂ ಮುಳುಗಿಸಿತು.

ನಮ್ಮಲ್ಲಿ ಇದೇ ಕಥೆ ಸರ್ಕಾರಿ ಕಚೇರಿಯ ದಾರಿಯಲ್ಲಿ ಬಂತು. ವಾರ್ಷಿಕ ಗೌಪ್ಯ ವರದಿ ಹೆಸರಿಗೆ ತಕ್ಕಂತೆ ಗೌಪ್ಯವಾಗಿತ್ತು. ಪ್ರತಿಕೂಲ ಎನಿಸಿದ್ದನ್ನು ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಗಡಿ ರಸ್ತೆ ಎಂಜಿನಿಯರಿಂಗ್ ಸೇವೆಯ ದೇವ್ ದತ್ ಅವರಿಗೆ 1993-94ರ ವರದಿಯಲ್ಲಿ ‘ಉತ್ತಮ’ ಎಂದು ಬರೆದಿತ್ತು. ಬಡ್ತಿಗೆ ಬೇಕಿದ್ದದ್ದು ‘ಅತ್ಯುತ್ತಮ’. ಹೊಗಳಿಕೆಯಂತೆ ಕಾಣುವ ಆ ಒಂದು ಪದ ಬಡ್ತಿ ತಪ್ಪಿಸಿದರೂ ಅದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. 2008ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದು ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರ್ಕಾರ ಗೌಪ್ಯ ವರದಿಯ ಹೆಸರನ್ನೇ ಬದಲಿಸಿ, ಪೂರ್ತಿ ವರದಿಯನ್ನು ತೋರಿಸಿ ಆಕ್ಷೇಪಣೆಗೆ 15 ದಿನ ಕೊಡುವ ಕ್ರಮ ತಂದಿತು. ಬರೆಸಿಕೊಂಡವರೇ ಓದುತ್ತಾರೆಂದು ಗೊತ್ತಾದ ಮೇಲೆ ಬರೆಯುವವರ ಕೈ ತಡೆಯುವುದು ಸಹಜ.

ಖಾಸಗಿ ಕಂಪನಿಗಳಿಗೆ ಈ ನೋಟಿನ ಇಂದಿನ ಅಚ್ಚು ಬಂದದ್ದು ಮುಖ್ಯವಾಗಿ ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆಯ ತರಬೇತಿಯಿಂದ. ಸಂದರ್ಭ, ವರ್ತನೆ, ಪರಿಣಾಮ ಎಂಬ ಮೂರು ಮೆಟ್ಟಿಲು. ಹೇಳಲು ಸುಲಭ. ಬರೆಯಲು ಕೂತಾಗ ಕೈ ಹೇಗೆ ತಪ್ಪುತ್ತದೆ ಎನ್ನುವುದಕ್ಕೆ ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ.

ಸಾಫ್ಟ್‌ವೇರ್ ತಂಡವೊಂದರ ಸೋಮವಾರದ ಪರಿಶೀಲನಾ ಸಭೆ. ಟೆಸ್ಟಿಂಗ್ ವಿಭಾಗದ ಯುವತಿ ನಾಲ್ಕು ದೋಷಗಳ ಪಟ್ಟಿ ಮಂಡಿಸುತ್ತಿದ್ದಾಳೆ. ಹಿರಿಯ ಎಂಜಿನಿಯರ್ ನಡುನಡುವೆ ಬಾಯಿ ಹಾಕುತ್ತಾರೆ, ಕೊನೆಗೆ ಒಂದು ಚುಚ್ಚುಮಾತು ಆಡುತ್ತಾರೆ, ಆಕೆ ಕೂತುಬಿಡುತ್ತಾಳೆ. ಮ್ಯಾನೇಜರ್ ಸಿಟ್ಟಿನಲ್ಲಿ ಬರೆಯುವ ಮೊದಲ ಕರಡು ಹೀಗಿರುತ್ತದೆ: ‘ನೀವು ಸಭೆಯಲ್ಲಿ ಯಾವಾಗಲೂ ಅಹಂಕಾರದಿಂದ ವರ್ತಿಸುತ್ತೀರಿ. ಕಿರಿಯರ ಬಗ್ಗೆ ನಿಮಗೆ ಗೌರವವಿಲ್ಲ. ಆಕೆಗೆ ಅವಮಾನ ಮಾಡಬೇಕೆಂದೇ ಹಾಗೆ ಮಾತಾಡಿದಿರಿ.’

ಇದನ್ನು ಓದಿದ ಎಂಜಿನಿಯರ್ ಮೂರು ವಾಕ್ಯಗಳನ್ನೂ ಅಲ್ಲಗಳೆಯಬಹುದು. ‘ಯಾವಾಗಲೂ’ ಎಂಬುದಕ್ಕೆ ನಗುನಗುತ್ತಾ ನಡೆದ ಒಂದೇ ಸಭೆಯ ಉದಾಹರಣೆ ಸಾಕು. ಮನಸ್ಸಿನಲ್ಲಿ ಗೌರವ ಇದೆಯೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ. ಉದ್ದೇಶವಂತೂ ಅವರೊಬ್ಬರಿಗೇ ಗೊತ್ತು. ಮಾತುಕತೆ ಆಮೇಲೆ ಅವರು ಒಳ್ಳೆಯವರೋ ಕೆಟ್ಟವರೋ ಎಂಬ ವಾದವಾಗಿ ಮುಗಿಯುತ್ತದೆ. ಕರಡನ್ನು ಹರಿದು ಮತ್ತೆ ಬರೆದರೆ ಹೀಗೆ ಬರಬಹುದು:

‘ಮಾರ್ಚ್ 10, ಸೋಮವಾರ, ಬೆಳಿಗ್ಗೆ 10.30ರ ಪರಿಶೀಲನಾ ಸಭೆ. ಹಾಜರಿದ್ದವರು ಎಂಟು ಮಂದಿ, ನಾನೂ ಇದ್ದೆ. ದೋಷಗಳ ಪಟ್ಟಿ ಮಂಡನೆಯಾಗುತ್ತಿದ್ದಾಗ, ವಾಕ್ಯ ಮುಗಿಯುವ ಮೊದಲೇ ನೀವು ಮೂರು ಬಾರಿ ಮಾತು ತಡೆದಿರಿ. ಮೂರನೆಯ ಬಾರಿ “ಕೋಡ್ ಓದೋಕೆ ಬರದೇ ಇರೋರು ಇದನ್ನೆಲ್ಲ ಯಾಕೆ ಮಾತಾಡ್ತೀರಿ” ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದಿರಿ. ಅವರು ಮಂಡನೆ ನಿಲ್ಲಿಸಿದರು. ಉಳಿದ ಎರಡು ದೋಷಗಳ ಚರ್ಚೆ ಆಗಲಿಲ್ಲ, ಮಂಗಳವಾರ ಮತ್ತೆ ಸಭೆ ಸೇರಬೇಕಾಯಿತು. ಎರಡನೆಯ ದೋಷದ ಬಗ್ಗೆ ನೀವೆತ್ತಿದ ತಾಂತ್ರಿಕ ಆಕ್ಷೇಪ ಈ ಟಿಪ್ಪಣಿಯ ವಿಷಯವಲ್ಲ, ಅದನ್ನು ಬೇರೆಯಾಗಿ ಪರಿಶೀಲಿಸುತ್ತೇವೆ. ನಿಮ್ಮ ವಿವರಣೆ: ಪಟ್ಟಿ ಹಿಂದಿನ ರಾತ್ರಿ ಕೈಸೇರಿತು, ಓದಲು ಸಮಯವಿರಲಿಲ್ಲ. ಮುಂದಿನ ಸಭೆಗಳಲ್ಲಿ ಮಂಡಿಸುವವರು ಒಂದು ಅಂಶ ಮುಗಿಸಿದ ಮೇಲೆ ಪ್ರಶ್ನೆ ಕೇಳಬೇಕು, ಆಕ್ಷೇಪ ಅಂಶದ ಬಗ್ಗೆ ಇರಬೇಕು, ಮಂಡಿಸುವವರ ಸಾಮರ್ಥ್ಯದ ಬಗ್ಗೆ ಅಲ್ಲ. ಪಟ್ಟಿ ಒಂದು ದಿನ ಮೊದಲೇ ತಲುಪುವಂತೆ ನಾನು ನೋಡಿಕೊಳ್ಳುತ್ತೇನೆ. ಮಾರ್ಚ್ 17 ಮತ್ತು 24ರ ಸಭೆಗಳ ನಂತರ ಮಾತಾಡೋಣ.’

ಇದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ತಾಂತ್ರಿಕ ಆಕ್ಷೇಪದ ವಾಕ್ಯ. ಅದನ್ನು ಬಿಟ್ಟರೆ, ಭಿನ್ನಾಭಿಪ್ರಾಯ ಹೇಳಿದ್ದಕ್ಕೇ ಶಿಕ್ಷೆಯಾಯಿತೆಂದು ಆ ಎಂಜಿನಿಯರ್ ತಿಳಿಯುತ್ತಾರೆ, ಕೆಲವು ಕಚೇರಿಗಳಲ್ಲಿ ಅದು ನಿಜವೂ ಆಗಿರುತ್ತದೆ. ಬಾಸ್‌ಗೆ ಒಗ್ಗದ ಪ್ರಶ್ನೆ ಕೇಳಿದವರಿಗೆ ‘ಅಗೌರವ’ದ ಹಣೆಪಟ್ಟಿ ಹಚ್ಚಲು ಈ ನೋಟು ಸೊಗಸಾದ ಸಾಧನ. ಪತ್ತೆ ಹಚ್ಚುವುದು ಕಷ್ಟವಲ್ಲ: ವರ್ತನೆಯ ಭಾಗದಲ್ಲಿ ಆಡಿದ ಮಾತಾಗಲಿ, ಮಾಡಿದ ಕ್ರಿಯೆಯಾಗಲಿ ಇಲ್ಲದೆ ‘ಧಾಟಿ ಸರಿಯಿರಲಿಲ್ಲ’ ಎಂದಷ್ಟೇ ಇದ್ದರೆ ಅನುಮಾನಿಸಬೇಕು. ಆಡಿದ ಮಾತನ್ನು ಆಡಿದ ಹಾಗೆಯೇ, ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಬರೆಯಬೇಕೆನ್ನುವುದು ಇದಕ್ಕೇ.

ಪರಿಣಾಮದ ಭಾಗದಲ್ಲೂ ಕಂಡದ್ದಷ್ಟೇ ಇದೆ. ‘ಆಕೆಗೆ ತೀವ್ರ ನೋವಾಯಿತು’ ಎಂದು ಮ್ಯಾನೇಜರ್ ಬರೆದರೆ ಅದು ಊಹೆ. ಆಕೆ ಹಾಗೆಂದು ಹೇಳಿ, ಬರೆಯಲು ಒಪ್ಪಿದ್ದರೆ ಮಾತ್ರ ಅದಕ್ಕೆ ಜಾಗ.

ಎಲ್ಲ ಅಗೌರವವೂ ಈ ಅರ್ಧ ಪುಟಕ್ಕೆ ದಕ್ಕುವಂಥದ್ದಲ್ಲ. ಅದೇ ಸಭೆಯಲ್ಲಿ ಜಾತಿ ಹಿಡಿದು ಬೈದಿದ್ದರೆ, ಬೆದರಿಸಿದ್ದರೆ ಕೋಚಿಂಗ್ ನೋಟ್ ಬರೆಯುವುದೆಂದರೆ ಪ್ರಕರಣವನ್ನು ತೇಲಿಸಿದಂತೆ. ಲೈಂಗಿಕ ಸ್ವರೂಪದ ಮಾತಾಗಿದ್ದರೆ 2013ರ ಕಾಯ್ದೆಯ ಪ್ರಕಾರ ದೂರು ಕೇಳಬೇಕಾದದ್ದು ಆಂತರಿಕ ಸಮಿತಿ, ಮ್ಯಾನೇಜರ್ ಅಲ್ಲ. ಎಂಜಿನಿಯರ್ ಮುಂದಿನ ಎರಡು ಸಭೆಗಳಲ್ಲೂ ಹಾಗೆಯೇ ಮಾಡಿದರೆ ಬರೆಯಬೇಕಾದ್ದು ಇದೇ ನೋಟಿನ ಎರಡನೆಯ ಪ್ರತಿ ಅಲ್ಲ, ಎಚ್ಚರಿಕೆ ಪತ್ರ. ಆ ಹಂತದಲ್ಲಿ ಎಚ್‌ಆರ್ ಮೊದಲು ಕೇಳುವುದು ಮಾರ್ಚ್ 10ರ ಕಾಗದವನ್ನು. ಅದನ್ನು ಅವರಿಗೆ ತೋರಿಸಿದ್ದಿರಾ, ಅವರ ವಿವರಣೆ ಬರೆದುಕೊಂಡಿರಾ, ಪಟ್ಟಿಯನ್ನು ಒಂದು ದಿನ ಮೊದಲು ಕಳಿಸುತ್ತೇನೆಂದಿರಲ್ಲ, ಕಳಿಸಿದಿರಾ ಎಂಬ ಪ್ರಶ್ನೆಗಳು ಆಗ ಮ್ಯಾನೇಜರ್ ಕಡೆ ತಿರುಗುತ್ತವೆ.