‘ಬಾಕಿ 16ಕ್ಕೆ ಹಾಕ್ತೀನಿ ಅಂಕಲ್’

ಬೆಂಗಳೂರಿನ ಬಾಡಿಗೆ ಕರಾರು ಪತ್ರಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಸಾಲು: ಬಾಡಿಗೆಯನ್ನು ಮುಂದಿನ ಇಂಗ್ಲಿಷ್ ತಿಂಗಳ 5ನೇ ತಾರೀಖಿನೊಳಗೆ ಕೊಡತಕ್ಕದ್ದು. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿರುವ ಸಾಲು ಅದು. ಹೆಸರು, ವಿಳಾಸ, ಅಡ್ವಾನ್ಸ್ ಬದಲಿಸಿ ಪ್ರಿಂಟು ತೆಗೆಯುತ್ತಾರೆ, ಇಬ್ಬರೂ ಸಹಿ ಹಾಕುತ್ತಾರೆ. 5 ಏಕೆ ಎಂದು ಯಾರೂ ಕೇಳುವುದಿಲ್ಲ.

ಸಂಬಳದ ಗಡುವು ಮಾತ್ರ ಬೇರೆ. 1936ರ ವೇತನ ಪಾವತಿ ಕಾಯ್ದೆ ಸಾವಿರಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಮುಂದಿನ ತಿಂಗಳ 7ರವರೆಗೆ, ಉಳಿದೆಡೆ 10ರವರೆಗೆ ಸಮಯ ಕೊಟ್ಟಿತ್ತು. 2019ರ ವೇತನ ಸಂಹಿತೆಯೂ 7 ಎನ್ನುತ್ತದೆ. ಅಂದರೆ ಕಂಪನಿ ಕಾನೂನು ಮೀರದೆಯೇ 7ಕ್ಕೆ ಸಂಬಳ ಹಾಕಬಹುದು, ಬಾಡಿಗೆದಾರ ಮಾತ್ರ ಆ ಹೊತ್ತಿಗೆ ಎರಡು ದಿನದ ತಪ್ಪಿತಸ್ಥ. ಕಂಪನಿಯೂ ತಡಮಾಡಿದರೆ ಕೇಳುವುದೇ ಬೇಡ. ಓನರ್‌ಗೆ ಮೆಸೇಜು ಬರೆಯಬೇಕಾಗಿ ಬರುವುದು ಹೆಚ್ಚಾಗಿ ಇಂಥ ಸಂದಿಯಲ್ಲೇ.

ಒಂದು ಲೆಕ್ಕ ಹಾಕಿ ನೋಡೋಣ. ಮೊದಲ ಮಹಡಿಯ ಮನೆ, ಬಾಡಿಗೆ 18,000. ಓನರ್ ನಿವೃತ್ತರು, ಕೆಳಗಿನ ಮನೆಯಲ್ಲೇ ಇದ್ದಾರೆ. ಮೇ ತಿಂಗಳ ಬಾಡಿಗೆ ಜೂನ್ 5, ಶುಕ್ರವಾರದೊಳಗೆ ಸೇರಬೇಕು. ಜೂನ್ 2ರಂದು ಆಫೀಸಿನಿಂದ ಮೇಲ್ ಬಂತು: ಈ ಸಲ ಸಂಬಳ 12ಕ್ಕೆ. ಬ್ಯಾಂಕಿನಲ್ಲಿ ಇರುವುದರಲ್ಲಿ ಮಕ್ಕಳ ಶಾಲೆಯ ಫೀಸು, ದಿನಸಿ ಕಳೆದರೆ ಎಂಟು ಸಾವಿರ ಕೊಡಬಹುದು.

ಮೊದಲು ತೀರ್ಮಾನವಾಗಬೇಕಾದದ್ದು ಹೊಸ ತಾರೀಖು. ಕಂಪನಿ 12 ಅಂದಿದೆ ಎಂದು ಓನರ್‌ಗೂ 12 ಅಂದುಬಿಡುವುದು ಸುಲಭ. ಆದರೆ ಆ 12 ಶುಕ್ರವಾರ. ಅವತ್ತು ಸಂಜೆಯವರೆಗೆ ಸಂಬಳ ಬೀಳಲಿಲ್ಲವೆಂದರೆ ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ನಮ್ಮ ಕಡೆಯಿಂದ ಯುಪಿಐ ರಜಾ ದಿನವೂ ನಡೆಯುತ್ತದೆ ನಿಜ. ಆದರೆ ಸಂಬಳದ ಪಟ್ಟಿಗೆ ಸಹಿ ಹಾಕುವ ಅಕೌಂಟ್ಸ್ ವಿಭಾಗದವರು ಆ ಎರಡು ದಿನ ಸಿಗುವುದಿಲ್ಲ. ಹಾಗಾಗಿ ಮುಂದಿನ ಅವಕಾಶ ಸೋಮವಾರ, 15. ಅದಕ್ಕೊಂದು ದಿನ ಸೇರಿಸಿ 16, ಮಂಗಳವಾರ ಎಂದು ಹೇಳಬೇಕು. ಹಣ 12ಕ್ಕೇ ಬಂದರೆ 12ಕ್ಕೇ ಹಾಕಬಹುದು. ನಾಲ್ಕು ದಿನ ಮೊದಲೇ ಬಾಡಿಗೆ ಬಂತೆಂದು ಯಾವ ಓನರೂ ಸಿಟ್ಟಾದದ್ದಿಲ್ಲ. ‘ಮುಂದಿನ ವಾರ’, ‘ಸಂಬಳ ಆದ ತಕ್ಷಣ’ ಎಂಬ ಮಾತುಗಳು ತಾರೀಖಲ್ಲ. ಬಾಡಿಗೆ ನಂಬಿ ಬದುಕುವ ಓನರ್‌ಗೂ ತಿಂಗಳ ಕಟ್ಟುಪಾಡುಗಳಿರುತ್ತವೆ. ಮನೆ ಕಟ್ಟಲು ಮಾಡಿದ ಸಾಲದ ಕಂತು 10ಕ್ಕೆ ತಾನಾಗಿ ಕಡಿತವಾಗುವಂತಿದ್ದರೆ ಖಾತೆಯಲ್ಲಿ ಹಣವಿಲ್ಲದೆ ಕಂತು ಬೌನ್ಸ್ ಆಗಿ, ಬ್ಯಾಂಕಿಗೆ ದಂಡ ತೆರಬೇಕಾಗುತ್ತದೆ. 16 ಎಂದು ಮೊದಲೇ ಗೊತ್ತಾದರೆ ಅವರು ಬೇರೆ ಖಾತೆಯಿಂದ ಹಣ ತಂದು ಹಾಕಿಕೊಳ್ಳುತ್ತಾರೆ.

ಈಗ ಮೆಸೇಜು. ಇದು ಜೂನ್ 3ಕ್ಕೆ, ಬೆಳಿಗ್ಗೆ ಹತ್ತರ ನಂತರ ಹೋಗಲಿ:

‘ನಮಸ್ಕಾರ ಅಂಕಲ್. ಮೇ ತಿಂಗಳ ಬಾಡಿಗೆ ಈ ಸಲ 5ಕ್ಕೆ ಪೂರ್ತಿ ಕೊಡೋಕೆ ಆಗ್ತಿಲ್ಲ, ಕ್ಷಮಿಸಿ. ನಮ್ಮ ಆಫೀಸಿನಲ್ಲಿ ಸಂಬಳ ತಡ ಆಗತ್ತೆ ಅಂತ ನಿನ್ನೆ ತಿಳಿಸಿದ್ದಾರೆ. 5ನೇ ತಾರೀಖು 8,000 ಹಾಕ್ತೀನಿ. ಬಾಕಿ 10,000 ಜೂನ್ 16, ಮಂಗಳವಾರ ಸಂಜೆಯೊಳಗೆ ನಿಮ್ಮ ಅಕೌಂಟಿಗೆ ಬರತ್ತೆ. ಜೂನ್ ತಿಂಗಳದ್ದು ಎಂದಿನಂತೆ ಜುಲೈ 5ಕ್ಕೇ ಕೊಡ್ತೀನಿ. ಇದರಿಂದ ನಿಮಗೇನಾದರೂ ತೊಂದರೆ ಆಗೋ ಹಾಗಿದ್ರೆ ಹೇಳಿ, ಬಂದು ಮಾತಾಡ್ತೀನಿ.’

ಯಾವ ತಿಂಗಳ ಬಾಡಿಗೆ ಎಂಬುದನ್ನು ಬಿಟ್ಟು ‘ಈ ತಿಂಗಳ ಬಾಡಿಗೆ’ ಎಂದರೆ ಗೊಂದಲ ಖಾತ್ರಿ. ಜೂನ್‌ನಲ್ಲಿ ಕೊಡುವುದು ಮೇ ತಿಂಗಳದ್ದೋ ಜೂನ್‌ದೋ ಎಂಬುದು ಕರಾರಿನಿಂದ ಕರಾರಿಗೆ ಬೇರೆ, ಮನೆ ಖಾಲಿ ಮಾಡುವಾಗ ಜಗಳವೇಳುವುದು ಇದೇ ಒಂದು ತಿಂಗಳಿಗೆ. ಕಾರಣಕ್ಕೆ ಒಂದು ವಾಕ್ಯ ಸಾಕು. ಆಸ್ಪತ್ರೆ ಖರ್ಚೇ ಆಗಿದ್ದರೂ ‘ಮನೇಲಿ ಆಸ್ಪತ್ರೆ ಖರ್ಚು ಬಂತು’ ಎಂದರೆ ಮುಗಿಯಿತು, ಸ್ಕ್ಯಾನಿಂಗ್ ರಿಪೋರ್ಟು ಕಳಿಸಬೇಕಾಗಿಲ್ಲ. ಆದರೆ ಹೇಳಿದ್ದು ನಿಜವಾಗಿರಲಿ. ಸಂಬಳ ಆಗಿಲ್ಲ ಎಂದು ಬರೆದವರ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಶನಿವಾರ ಮಡಿಕೇರಿಯ ರೆಸಾರ್ಟು ಕಾಣಿಸಿದರೆ ಅದನ್ನು ಮೊದಲು ನೋಡುವವರು ಓನರ್ ಆಂಟಿಯೇ.

ಬಹಳ ಜನ ಬರೆಯುವ ಇನ್ನೊಂದು ಮಾತಿದೆ: ‘ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ.’ ಇದನ್ನು ಬರೆಯಲೇಬಾರದು ಎನ್ನುವವನು ನಾನು. ಬಾಡಿಗೆದಾರನ ಕಣ್ಣಿಗೆ ಅದು ತನ್ನದೇ ಹಣ. ಓನರ್‌ಗೆ ಅದು ಸುಣ್ಣಬಣ್ಣ, ಮುರಿದ ನಲ್ಲಿ, ಬಾಕಿ ಕರೆಂಟ್ ಬಿಲ್ಲು ಇವಕ್ಕೆಲ್ಲ ಇರುವ ಭದ್ರತೆ. ಎಷ್ಟೋ ಸಲ ಅದು ಖರ್ಚಾಗಿಯೂ ಹೋಗಿರುತ್ತದೆ. ಹನ್ನೊಂದು ದಿನದ ತಡಕ್ಕೆ ಅಡ್ವಾನ್ಸಿನ ಹೆಸರೆತ್ತಿದರೆ ‘ಇವರು ಖಾಲಿ ಮಾಡುವ ಯೋಚನೆಯಲ್ಲಿದ್ದಾರೆ’ ಎಂದೇ ಅವರಿಗೆ ಅನ್ನಿಸುತ್ತದೆ. ಅದಕ್ಕಿಂತ ಹೇಳಿದ ಎಂಟು ಸಾವಿರವನ್ನು 5ಕ್ಕೆ ಹಾಕಿಬಿಡುವುದು ಒಳ್ಳೆಯದು. ಯುಪಿಐ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ಮೇ ಬಾಡಿಗೆ, ಭಾಗಶಃ’ ಎಂದು ಬರೆದರೆ ಮುಂದೆ ಲೆಕ್ಕ ನೋಡುವಾಗ ಅನುಕೂಲ.

ಕೆಳಗಿನ ಮನೆಯಲ್ಲೇ ಇರುವವರಿಗೆ ಮೆಸೇಜು ಯಾಕೆ, ಹೋಗಿ ಹೇಳಿದರಾಗದೇ? ಹೋಗಿ ಹೇಳಲೇಬೇಕು. ಮೆಟ್ಟಿಲಿಳಿದು ಹೋಗದೆ ಬರೀ ಮೆಸೇಜು ಹಾಕುವುದು ಮುಖ ತಪ್ಪಿಸಿದಂತೆ ಕಾಣುತ್ತದೆ. ಆದರೆ ಬಾಯಿಮಾತಿಗೆ ದಾಖಲೆಯಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ನಮ್ಮನ್ನು ಕಾಯುತ್ತದೆಂದು ಹಲವರು ನಂಬಿದ್ದಾರೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು. ಆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆಯನ್ನು ಸರಿಯಾದ ಸಮಯಕ್ಕೆ ಕೊಡುವುದು ಬಾಡಿಗೆದಾರನ ಹೊಣೆ ಎನ್ನುತ್ತದೆ. ಮೆಸೇಜು ಆ ಹೊಣೆಯನ್ನೇನೂ ಇಳಿಸುವುದಿಲ್ಲ, ಕರಾರಿನಲ್ಲಿ ತಡಕ್ಕೆ ದಂಡವಿದ್ದರೆ ಅದನ್ನೂ ತಪ್ಪಿಸುವುದಿಲ್ಲ. ಬಾಕಿಯಿದೆ ಎಂದು ನಾವೇ ಒಪ್ಪಿಕೊಂಡ ಬರಹವೂ ಅದೇ. ಅದಕ್ಕೆ ಓನರ್ ‘ಆಯ್ತಪ್ಪ, ಸರಿ’ ಎಂದು ಉತ್ತರಿಸಿದರೆ ಮಾತ್ರ, ಈ ಒಂದು ಸಲಕ್ಕೆ ಅವರು ಒಪ್ಪಿದ್ದರು ಎಂದು ತೋರಿಸಲು ಏನಾದರೂ ಇರುತ್ತದೆ. ನೀಲಿ ಟಿಕ್ ಒಪ್ಪಿಗೆಯಲ್ಲ. ಎರಡು ದಿನ ಉತ್ತರ ಬಾರದಿದ್ದರೆ ಫೋನ್ ಮಾಡಬೇಕು, ಮಾತಾದ ಮೇಲೆ ‘ಈಗ ಮಾತಾಡಿದ ಹಾಗೆ 16ಕ್ಕೆ ಹಾಕ್ತೀನಿ ಅಂಕಲ್’ ಎಂದು ಒಂದು ಸಾಲು ಕಳಿಸಿಡಬೇಕು.

16 ಕೂಡ ತಪ್ಪುವಂತಿದ್ದರೆ? ಅದು 15ರ ಮಧ್ಯಾಹ್ನವೇ ಗೊತ್ತಾಗುತ್ತದೆ. ಆಗಲೇ ಹೇಳಬೇಕು, 17ಕ್ಕಲ್ಲ. ಎರಡನೇ ತಾರೀಖು ಕೊಡುವಾಗ ಕಂಪನಿಯ ಮಾತನ್ನು ನೆಚ್ಚಬಾರದು. ಅಣ್ಣನಿಂದ ಕೈಸಾಲ ಪಡೆದೋ ಚೀಟಿ ಎತ್ತಿಯೋ, ಬರುವುದು ಖಚಿತವಾದ ಹಣದ ಮೇಲೆ ತಾರೀಖು ಹೇಳಬೇಕು. ಮೂರನೆಯ ತಾರೀಖನ್ನು ಯಾವ ಓನರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇನ್ನು ಪ್ರತಿ ತಿಂಗಳೂ ಸಂಬಳ 7 ದಾಟಿಯೇ ಬರುತ್ತಿದ್ದರೆ ಇದು ಮೆಸೇಜಿನಿಂದ ಬಗೆಹರಿಯುವ ವಿಷಯವಲ್ಲ. ಈ ಕರಾರುಗಳು ಸಾಮಾನ್ಯವಾಗಿ 11 ತಿಂಗಳಿನವು. ನವೀಕರಣದ ಹೊತ್ತಿಗೆ ಬಾಡಿಗೆ ಎಷ್ಟು ಏರಿಸಬೇಕೆಂದು ಓನರ್ ಮಾತು ತೆಗೆದೇ ತೆಗೆಯುತ್ತಾರೆ. ಐನೂರು ಇಳಿಸಿ ಎಂದು ಚೌಕಾಸಿ ಮಾಡುವ ಜೊತೆಗೆ, ಟೈಪಿಂಗ್ ಅಂಗಡಿಗೆ ಹೋಗುವ ಮುಂಚೆ ಆ 5ನ್ನು 10 ಮಾಡಿಸಿ ಎಂದೂ ಕೇಳಿಬಿಡಬಹುದು.