ಆರು ಸದ್ದುಗಳಿಂದ ಶುರುವಾಗುವ ಇಂಗ್ಲಿಷ್ ಓದು

ಒಂದನೇ ತರಗತಿಯ ಮಗು ಎ ಇಂದ ಝಡ್‌ವರೆಗೆ ತಡವರಿಸದೆ ಹೇಳುತ್ತದೆ. ‘ಎ ಫಾರ್ ಆ್ಯಪಲ್’ ಕೂಡ ಬಾಯಿಪಾಠವಾಗಿರುತ್ತದೆ. ಆದರೆ ಕರಿಹಲಗೆಯ ಮೇಲೆ ಎಸ್, ಎ, ಟಿ ಎಂಬ ಮೂರಕ್ಷರ ಬರೆದು ಓದಲು ಹೇಳಿದರೆ ‘ಎಸ್ ಎ ಟಿ’ ಎನ್ನುತ್ತದೆಯೇ ಹೊರತು ‘ಸ್ಯಾಟ್’ ಎನ್ನುವುದಿಲ್ಲ. ತಪ್ಪು ಮಗುವಿನದಲ್ಲ. ನಾವು ಕಲಿಸಿರುವುದು ಅಕ್ಷರಗಳ ಹೆಸರು, ಓದಲು ಬೇಕಾದದ್ದು ಅವುಗಳ ಸದ್ದು. ಕನ್ನಡದಲ್ಲಿ ಈ ತೊಡಕಿಲ್ಲ. ‘ರ’ ಅಕ್ಷರದ ಹೆಸರೂ ರ, ಓದುವಾಗ ಬರುವ ಸದ್ದೂ ರ. ಇಂಗ್ಲಿಷಿನಲ್ಲಿ ಹಾಗಲ್ಲ, ಅದರಲ್ಲೂ ಸ್ವರಗಳು ನಮ್ಮ ಮಕ್ಕಳನ್ನು ಪೂರಾ ದಾರಿ ತಪ್ಪಿಸುತ್ತವೆ. ಎ ಎಂಬ ಅಕ್ಷರದ ಸದ್ದು ‘ಆ್ಯ’, ಇ ಎಂಬ ಅಕ್ಷರದ ಸದ್ದು ‘ಎ’, ಐ ಎಂಬ ಅಕ್ಷರದ ಸದ್ದು ‘ಇ’. ಹೆಸರನ್ನು ಮೊದಲು ಗಟ್ಟಿ ಮಾಡಿದ ಮಗು ಆಮೇಲೆ ಅದನ್ನೆಲ್ಲ ಕಳಚಿಕೊಳ್ಳಬೇಕಾಗುತ್ತದೆ. ಅದಕ್ಕೇ ಫೋನಿಕ್ಸ್ ಕ್ರಮದಲ್ಲಿ ಸದ್ದು ಮೊದಲು, ಹೆಸರು ಆಮೇಲೆ.

ಸದ್ದುಗಳನ್ನು ಯಾವ ಅನುಕ್ರಮದಲ್ಲಿ ಕಲಿಸಬೇಕು? ವರ್ಣಮಾಲೆಯ ಸಾಲಿನಲ್ಲಂತೂ ಅಲ್ಲ. ಎ, ಬಿ, ಸಿ, ಡಿ ಕಲಿತ ಮಗುವಿಗೆ ಓದಲು ಸಿಗುವ ಪದಗಳು ತೀರಾ ಕಡಿಮೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2007ರಲ್ಲಿ ಹೊರತಂದ ‘ಲೆಟರ್ಸ್ ಆ್ಯಂಡ್ ಸೌಂಡ್ಸ್’ ಎಂಬ ಪಾಠಕ್ರಮ ಎಸ್, ಎ, ಟಿ, ಪಿ ಎಂದು ಶುರುವಾಗಿ ಐ, ಎನ್‌ಗೆ ಹೋಗುತ್ತದೆ. ನಮ್ಮಲ್ಲಿ ಅನೇಕ ಶಾಲೆಗಳು ಬಳಸುವ ‘ಜಾಲಿ ಫೋನಿಕ್ಸ್’ ಕೂಡ ಇದೇ ಆರು ಅಕ್ಷರಗಳನ್ನು ಸ್ವಲ್ಪ ಹಿಂದುಮುಂದಾಗಿ ಮೊದಲ ಗುಂಪಿನಲ್ಲಿಟ್ಟಿದೆ. ಕಾರಣ ಸರಳ. ಸ್, ಆ್ಯ, ಟ್, ಪ್, ಇ, ನ್ ಇಷ್ಟು ಕೈಯಲ್ಲಿದ್ದರೆ ಸಿಟ್, ಪಿನ್, ಟಿನ್, ಟ್ಯಾಪ್, ಪ್ಯಾನ್, ಟಿಪ್, ನ್ಯಾಪ್ ಎಂದು ಹತ್ತಿಪ್ಪತ್ತು ಪದ ಓದಬಹುದು. ನಲಿ-ಕಲಿ ತರಗತಿಯನ್ನು ನೋಡಿದವರಿಗೆ ಇದು ಹೊಸತೆನಿಸದು. ಅಲ್ಲಿ ಕನ್ನಡವೂ ಅ, ಆ, ಇ, ಈ ಎಂದು ಶುರುವಾಗದೆ ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಐದೇ ಅಕ್ಷರಕ್ಕೆ ಸರ, ರಸ, ಅಗಸ, ಅರಸ, ಗರಗಸ ಎಲ್ಲ ದಕ್ಕುತ್ತವೆ.

ಮುಂದಿನ ಗುಂಪುಗಳಲ್ಲಿ ಎಂ, ಡಿ, ಜಿ, ಒ, ಸಿ, ಕೆ ಬಂದು, ಆಮೇಲೆ ಇ, ಯು, ಆರ್, ಎಚ್, ಬಿ, ಎಫ್, ಎಲ್ ಸೇರುತ್ತವೆ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ಸಣ್ಣಕ್ಷರದ ಬಿ ಮತ್ತು ಡಿ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವುದರಿಂದ ಅವನ್ನು ಒಂದೇ ವಾರ ಕಲಿಸಬಾರದು. ಡಿ ಚೆನ್ನಾಗಿ ನಿಂತ ಮೇಲಷ್ಟೇ ಬಿ. ಹಾಗೆಯೇ ‘ಇ’ ಮತ್ತು ‘ಎ’ ಸದ್ದುಗಳ ನಡುವೆಯೂ ಅಂತರವಿರಬೇಕು. ಇಂಗ್ಲೆಂಡಿನ ಕ್ರಮದಲ್ಲಿ ವಾರಕ್ಕೆ ಸುಮಾರು ನಾಲ್ಕು ಅಕ್ಷರ ಸಾಗುತ್ತವೆ. ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳದ ನಮ್ಮ ಮಕ್ಕಳಿಗೆ ಆ ವೇಗ ಹೆಚ್ಚಾಯಿತು. ವಾರಕ್ಕೆ ಎರಡು ಸಾಕು ಎಂಬುದು ನನ್ನ ಅಭಿಪ್ರಾಯ.

ಸದ್ದು ಕಲಿತದ್ದಾಯಿತು, ಇನ್ನು ಕೂಡಿಸಿ ಓದಬೇಕು. ಬಹಳ ಮಕ್ಕಳು ಮುಗ್ಗರಿಸುವುದು ಇಲ್ಲೇ, ಹೆಚ್ಚಿನ ಸಲ ಅದಕ್ಕೆ ಕಾರಣ ಹೇಳಿಕೊಡುವವರ ಉಚ್ಚಾರ. ಕನ್ನಡದ ಪ್ರತಿ ವ್ಯಂಜನಾಕ್ಷರದೊಳಗೆ ಒಂದು ‘ಅ’ ಕೂತಿದೆ. ಆ ರೂಢಿಯಲ್ಲಿ ನಾವು ಎಸ್‌ಗೆ ‘ಸ’, ಟಿಗೆ ‘ಟ’ ಎಂದು ಹೇಳಿಕೊಡುತ್ತೇವೆ. ಮಗು ಪ್ರಾಮಾಣಿಕವಾಗಿ ಕೂಡಿಸುತ್ತದೆ: ಸ, ಆ್ಯ, ಟ. ಎಷ್ಟು ಬೇಗ ಹೇಳಿದರೂ ಅದು ‘ಸಆ್ಯಟ’ ಆಗುತ್ತದೆ, ಸ್ಯಾಟ್ ಆಗುವುದಿಲ್ಲ. ಹೇಳಿಕೊಡಬೇಕಾದದ್ದು ಅರ್ಧಾಕ್ಷರದ ‘ಸ್’. ಹಾವು ಬುಸುಗುಟ್ಟುವಾಗ ಬರುವಂಥ, ಬಾಯಿ ತೆರೆಯದೆ ಹೊರಡುವ ಸದ್ದು. ‘ಟ್’, ‘ಪ್’ ಹೇಳುವಾಗ ಗಂಟಲ ಮೇಲೆ ಬೆರಳಿಟ್ಟು ನೋಡಿ. ಅಲ್ಲಿ ಅದುರಿದರೆ ‘ಅ’ ಸೇರಿಕೊಂಡಿದೆ ಎಂದೇ ಅರ್ಥ.

ಎಲ್ಲ ಸದ್ದೂ ಒಂದೇ ಬಗೆಯವಲ್ಲ ಎಂಬುದೂ ಗೊತ್ತಿರಬೇಕು. ಸ್, ನ್, ಮ್ ಮತ್ತು ಸ್ವರಗಳನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಟ್, ಪ್, ಕ್ ಹುಟ್ಟಿದ ಕೂಡಲೇ ಮುಗಿಯುತ್ತವೆ. ಹಾಗಾಗಿ ಕೂಡಿಸುವ ಅಭ್ಯಾಸಕ್ಕೆ ಮೊದಲು ಆರಿಸಬೇಕಾದದ್ದು ಎಳೆಯಬಹುದಾದ ಸದ್ದಿನಿಂದ ಶುರುವಾಗುವ ಪದ: ಸ್ಯಾಟ್, ಸಿಟ್, ನ್ಯಾಪ್. ಟ್ಯಾಪ್, ಪಿನ್ ಆಮೇಲಿರಲಿ.

ಒಂದು ಪಾಠ ಹೀಗೆ ಸಾಗಬಹುದು. ಪುಸ್ತಕ ತೆಗೆಯುವ ಮೊದಲು ಎರಡು ನಿಮಿಷ ಕಿವಿಯ ಆಟ. ‘ಬ್... ಅ... ಸ್, ಏನಿದು?’ ಎಂದರೆ ಮಕ್ಕಳು ‘ಬಸ್’ ಎಂದು ಕೂಗಬೇಕು. ಪೆನ್, ಕಪ್, ಪಿನ್ ಮುಂತಾದ ಪದಗಳು ಕನ್ನಡದ ಮನೆಗಳಲ್ಲೇ ಓಡಾಡುವುದರಿಂದ ಈ ಆಟಕ್ಕೆ ಇಂಗ್ಲಿಷ್ ಬರಬೇಕೆಂದೇನಿಲ್ಲ. ಆಮೇಲೆ ಎಸ್, ಎ, ಟಿ ಬರೆದ ಮೂರು ರಟ್ಟಿನ ತುಂಡುಗಳನ್ನು ಮೇಜಿನ ಮೇಲೆ ದೂರದೂರ ಇಡಿ. ಮೊದಲ ತುಂಡಿನ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನುತ್ತಲೇ ಅದನ್ನು ಎರಡನೆಯದಕ್ಕೆ ತಾಗುವವರೆಗೆ ಸರಿಸಬೇಕು, ನಡುವೆ ಉಸಿರು ನಿಲ್ಲಕೂಡದು. ತಾಗಿದ ಕೂಡಲೇ ‘ಸ್ಯಾ...’ ಆಗುತ್ತದೆ. ಅದನ್ನು ಹಾಗೇ ಎಳೆಯುತ್ತ ಮೂರನೆಯ ತುಂಡಿಗೆ ಹೋದರೆ ‘ಸ್ಯಾಟ್’. ಮೊದಲೆರಡು ಸದ್ದನ್ನು ಹೀಗೆ ಒಂದು ಮಾಡಿ, ಆಮೇಲೆ ಕೊನೆಯದನ್ನು ಸೇರಿಸುವುದು ನಮ್ಮ ಮಕ್ಕಳಿಗೆ ಸುಲಭ. ಕಾಗುಣಿತದಲ್ಲಿ ಅವರು ಕಲಿಯುವುದೂ ವ್ಯಂಜನಕ್ಕೆ ಸ್ವರ ಸೇರಿಸುವುದನ್ನೇ ತಾನೆ?

ಮುಂದೆ ಒಂದೊಂದೇ ತುಂಡು ಬದಲಿಸಿ. ನಡುವಿನ ಎ ತೆಗೆದು ಐ ಇಟ್ಟರೆ ಸಿಟ್. ಮೊದಲಿನ ಎಸ್ ತೆಗೆದು ಪಿ ಇಟ್ಟರೆ ಪಿಟ್. ಕೊನೆಯ ಟಿ ಜಾಗಕ್ಕೆ ಎನ್ ಬಂದರೆ ಪಿನ್, ಪಿ ಜಾಗಕ್ಕೆ ಟಿ ಬಂದರೆ ಟಿನ್. ಪ್ರತಿ ಸಲ ಒಂದೇ ಅಕ್ಷರ ಬದಲಾಗುವುದರಿಂದ ಮಗು ಅದನ್ನೇ ಗಮನಿಸಬೇಕಾಗುತ್ತದೆ, ಊಹಿಸಿ ಹೇಳಲು ಆಗುವುದಿಲ್ಲ. ಕೊನೆಗೆ ನೀವು ‘ಟಿನ್’ ಎಂದು ಹೇಳಿ, ತುಂಡುಗಳನ್ನು ಮಗುವೇ ಆರಿಸಿ ಜೋಡಿಸಲಿ. ಇಷ್ಟಕ್ಕೆ ಕಾಲು ಗಂಟೆ ಸಾಕು.

ನಮ್ಮ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಎರಡು. ಒಂದು, ಪದದ ಕೊನೆಗೆ ‘ಉ’ ಹಚ್ಚುವುದು. ಬಸ್ಸು, ಪೆನ್ನು ಎನ್ನುವ ನಾಲಗೆ ಸಿಟ್ಟು, ಪಿನ್ನು ಎಂದೇ ಓದುತ್ತದೆ. ಗದರುವುದು ಬೇಡ, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ‘ಇಲ್ಲಿಗೇ ನಿಲ್ಲಿಸು’ ಎಂದರೆ ಸಾಕು. ಎರಡನೆಯದು ‘ಆ್ಯ’ ಇರುವಲ್ಲಿ ‘ಎ’ ಎನ್ನುವುದು. ಪ್ಯಾನ್ ಮತ್ತು ಪೆನ್ ಎರಡೂ ಒಂದೇ ಆಗಿ ಕೇಳಿಸುತ್ತಿದ್ದರೆ ಓದಿಸುವುದನ್ನು ನಿಲ್ಲಿಸಿ, ನೀವು ಹೇಳಿದ ಪದದ ಚಿತ್ರವನ್ನು ಮಗು ತೋರಿಸುವ ಆಟ ಆಡಿಸಿ. ಕಿವಿಗೆ ದಕ್ಕದ ಭೇದ ಕಣ್ಣಿಗೆ ದಕ್ಕುವುದಿಲ್ಲ.

ಮಗು ನಿಜಕ್ಕೂ ಓದುತ್ತಿದೆಯೋ, ಬಾಯಿಪಾಠ ಒಪ್ಪಿಸುತ್ತಿದೆಯೋ ತಿಳಿಯಲು ಅರ್ಥವಿಲ್ಲದ ಪದ ಕೊಟ್ಟು ನೋಡಬೇಕು. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿಯ ಮಕ್ಕಳಿಗೆ ನಡೆಸುವ ಪರೀಕ್ಷೆಯಲ್ಲಿ 40 ಪದಗಳಿದ್ದು, ಅದರಲ್ಲಿ 20 ಇಂಥ ಹುಸಿಪದಗಳು. ನಮ್ಮ ಆರು ಸದ್ದುಗಳಲ್ಲೇ ಟ್ಯಾಸ್, ನಿಸ್ ಎಂದು ಮಾಡಿಕೊಳ್ಳಬಹುದು. ಓದಿದರೆ ಮುಂದಿನ ಗುಂಪಿಗೆ ಹೋಗಿ, ಓದದಿದ್ದರೆ ಅಲ್ಲೇ ಇನ್ನೊಂದು ವಾರ ನಿಲ್ಲಿ.

ಈ ಕ್ರಮಕ್ಕೆ ಮಿತಿಗಳಿವೆ. 26 ಅಕ್ಷರಗಳಲ್ಲಿ ಸುಮಾರು 44 ಸದ್ದು ತುಂಬಿಕೊಂಡ ಭಾಷೆ ಅದು. ‘ವಾಸ್’, ‘ಸೆಡ್’ ತರಹದ ಪದಗಳು ಯಾವ ಕೂಡಿಕೆಗೂ ಪೂರ್ತಿ ಬಗ್ಗುವುದಿಲ್ಲ, ಅವನ್ನು ಒಂದೊಂದಾಗಿ ನೆನಪಿಡಲೇಬೇಕು. ಇನ್ನೂ ದೊಡ್ಡ ಮಿತಿ ಅರ್ಥದ್ದು. ಇಂಗ್ಲೆಂಡಿನ ಮಗು ‘ನ್ಯಾಪ್’ ಎಂದು ಕೂಡಿಸಿದ ಗಳಿಗೆಯಲ್ಲಿ ಅದು ಅವಳಿಗೆ ಗೊತ್ತಿರುವ ಮಾತಾಗುತ್ತದೆ. ನಮ್ಮ ಮಗುವಿಗೆ ಅದು ಬರೀ ಸದ್ದು. ಆದ್ದರಿಂದ ಶಿಕ್ಷಕರಲ್ಲೂ ಪೋಷಕರಲ್ಲೂ ನನ್ನ ಕೋರಿಕೆ ಇಷ್ಟು: ಓದಿಸುವ ಪ್ರತಿ ಪದವನ್ನೂ ಹಿಂದಿನ ದಿನವೇ ಮಾತಿನಲ್ಲಿ ಬಳಸಿ, ವಸ್ತು ತೋರಿಸಿ, ಕನ್ನಡದಲ್ಲಿ ಅರ್ಥ ಹೇಳಿ. ಮೊದಲ ಆರು ಸದ್ದು ಗಟ್ಟಿಯಾಗುವವರೆಗೆ ಸ್ಪೆಲ್ಲಿಂಗ್ ಬಾಯಿಪಾಠ ಕೇಳಬೇಡಿ.